ಬಂಧು ಬಳಗದವ್ರು ಜಾಮೀನು ಸಹಿ ಕೇಳಿದಾಗ ‘ಆಗಂಗಿಲ್ಲ’ ಅನ್ನೋದು ಹೆಂಗ? ಪದೇ ಪದೇ ಕೇಳೋ ಪ್ರಶ್ನೆಗಳು

ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯಿಂದ ಕೌನ್ಸೆಲಿಂಗಿಗೆ ಬರೋ ಮಂದಿ ನನ್ನ ಮುಂದ ಮತ್ತ ಮತ್ತ ಇಡೋ ಪ್ರಶ್ನೆ ಇವು. ಇಲ್ಲ ಅನ್ನಾಕ ಅಂಜೋದು ನೂರು ಕಡೆ ಇರ್ತೈತಿ, ಆದ್ರ ನಾನು ಇಲ್ಲಿ ಒಂದ ವಿಷಯ ಹಿಡ್ಕೊಂಡೀನಿ, ತಿಂಗಳ ಪಗಾರ ಬರೋರಿಗೆ ಸಂಬಂಧಿಕರು ಬಂದು ಸಾಲಕ್ಕ ಜಾಮೀನು ಸಹಿ ಕೇಳೋದು. ಮನಿತನದಾಗ ಒಬ್ಬರಿಗೆ ನೌಕರಿ ಸಿಕ್ತು ಅಂದ್ರ ಅವರ ಸ್ಯಾಲರಿ ಸ್ಲಿಪ್ ಇಡೀ ಬಳಗದ್ದು ಅನ್ನೋ ಹಂಗ ಆಗಿರ್ತೈತಿ ನಮ್ಮ ಕಡೆ, ಅದಕ್ಕ ಇದನ್ನ ಆರಿಸ್ಕೊಂಡೆ. ಇದೊಂದು ಬಂದ್ರ ಕೈಗಡ, ಡ್ಯೂಟಿ ಬದ್ಲಿ, ಚೀಟಿ ಎಲ್ಲಾದಕ್ಕೂ ಇದ ಮಾತು ಉಪಯೋಗಕ್ಕ ಬರ್ತಾವ.

ಮಂದಿಗೆ ಸಹಾಯ ಮಾಡೋದು ಒಳ್ಳೇದಲ್ಲೇನ್ರಿ, ಇದನ್ಯಾಕ ಸಮಸ್ಯೆ ಅಂತೀರಿ?

ಸಹಾಯ ಸಮಸ್ಯೆ ಅಲ್ರಿ. ಅಣ್ಣನ ಮಗಳ ಕಾಲೇಜ್ ಫೀಗೆ ನೀವು ವಿಚಾರ ಮಾಡಿ, ಇಷ್ಟು ಕೊಡ್ತೀನಿ, ವಾಪಸ್ ಬರದಿದ್ರೂ ನಡೀತೈತಿ ಅಂತ ಮನಸ್ಸು ಗಟ್ಟಿ ಮಾಡ್ಕೊಂಡು ಕೊಟ್ರ ಅದು ಸಹಾಯ, ಆಮ್ಯಾಲ ನೆನಸ್ಕೊಂಡ್ರೂ ಸಂಕಟ ಆಗಂಗಿಲ್ಲ. ನಾನು ಹೇಳ್ತಿರೋದು ಬ್ಯಾರೆ. ಫೋನಿನ ಮ್ಯಾಲ ಅವರ ಹೆಸರು ಕಂಡ ಕೂಡ್ಲೆ ಎದಿ ಡವಡವ ಅಂತೈತಿ, ಅವ್ರು ಮಾತು ಮುಗಸೋದ್ರಾಗ ನಿಮ್ಮ ಬಾಯಿಂದ "ಆತ್ರಿ ಆತ್ರಿ" ಅಂತ ಬಂದಬಿಟ್ಟಿರ್ತೈತಿ, ಫೋನ್ ಇಟ್ಟ ಮ್ಯಾಲ ನಾ ಯಾಕರ ಹೂಂ ಅಂದೆ ಅಂತ ನಿಮ್ಮ ಮ್ಯಾಲ ನಿಮಗ ಸಿಟ್ಟು ಬರ್ತೈತಿ, ಆ ಸಿಟ್ಟು ಸಂಜಿಕ ಮಕ್ಕಳ ಮ್ಯಾಲ ಹೋಗ್ತೈತಿ. ಇಲ್ಲಿ ಪ್ರೀತಿಗಿಂತ ಅಂಜಿಕಿ ಜಾಸ್ತಿ ಕೆಲಸ ಮಾಡಾಕ ಹತ್ತಿರ್ತೈತಿ. ಗುರುತು ಹಿಡಿಯೋದು ಹೆಂಗ ಅಂದ್ರ, ಹೂಂ ಅನ್ನೋ ಮುಂಚೆ ನೀವು ಒಂದ ಕ್ಷಣ ಆದ್ರೂ ವಿಚಾರ ಮಾಡಿದ್ರಾ, ಇಲ್ಲ ಆ ಎದಿಬಡಿತ ನಿಂತ್ರ ಸಾಕು ಅಂತ ಹೂಂ ಅಂದ್ರಾ, ಇಷ್ಟ ಕೇಳ್ಕೊಳ್ರಿ.

ಇಲ್ಲ ಅನ್ನೋದು ಬರೀ ಎರಡಕ್ಷರ, ಅದಕ್ಕ ಇಷ್ಟು ಯಾಕ ಅಂಜಿಕಿ?

ಇದರ ಒಳಗಿನ ಕೆಲಸ ತಿಳ್ಕೊಂಡ್ರ ಅರ್ಧ ಹಗುರಾಗ್ತೈತಿ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಬ್ರು ಏನೋ ಕೇಳಿದ್ರು, ನಿಮಗ ಆತಂಕ ಏರಿತು. ನೀವು ಹೂಂ ಅಂದ್ರಿ, ಅವರ ಮುಖ ಅರಳಿತು, ನಿಮ್ಮ ಆತಂಕ ಅದೇ ಸೆಕೆಂಡಿಗೆ ಇಳೀತು. ಮೆದುಳು ಇದನ್ನ ಪಾಠ ಅಂತ ಇಟ್ಕೊಂತೈತಿ: ಹೂಂ ಅಂದ್ರ ಸಂಕಟ ಹೋಗ್ತೈತಿ. ಮುಂದಿನ ಸಲ ಇನ್ನೂ ಲಗೂನ ಹೂಂ ಬರ್ತೈತಿ. ಹತ್ತಿಪ್ಪತ್ತು ವರ್ಷ ಹಿಂಗ ನಡದ್ರ ಅದು ನಿಮ್ಮ ಸ್ವಭಾವನ ಅನ್ನಂಗ ಕಾಣ್ತೈತಿ, ಆದ್ರ ಅದು ಕಲ್ತಿದ್ದು, ಹಂಗಾಗಿ ಬ್ಯಾರೆ ತರ ಕಲಿಯಾಕೂ ಬರ್ತೈತಿ.

ಈ ಲೆಕ್ಕದಾಗ ಒಂದು ಮೋಸ ಐತಿ ನೋಡ್ರಿ. ಹೂಂ ಅಂದಿದ್ದಕ್ಕ ಸಿಗೋ ಆರಾಮು ಆ ಕ್ಷಣಕ್ಕ ಸಿಗ್ತೈತಿ, ಅದರ ಖರ್ಚು ಬರೋದು ತಿಂಗಳ ಮ್ಯಾಲ, ಒಮ್ಮೊಮ್ಮೆ ಎರಡು ವರ್ಷದ ಮ್ಯಾಲ. ಇನ್ನೊಂದು ಕಡೆ, ಇಲ್ಲ ಅಂದ್ರ ಏನಾಗ್ತೈತಿ ಅನ್ನೋದನ್ನ ನೀವು ಯಾವತ್ತೂ ನೋಡೇ ಇಲ್ಲ, ಯಾಕಂದ್ರ ಯಾವತ್ತೂ ಅಂದೇ ಇಲ್ಲ. ಸಂಬಂಧನ ಹರೀತೈತಿ, ನನ್ನ ತೌರುಮನಿಗೆ ಬಯ್ತಾರ, ಮದಿವ್ಯಾಗ ಯಾರೂ ಮಾತಾಡ್ಸಂಗಿಲ್ಲ ಅಂತ ಮನಸ್ಸು ಹೇಳಿದ್ದನ್ನ ಪರೀಕ್ಷೆ ಮಾಡದೇ ನಂಬ್ಕೊಂಡು ಬಂದೀರಿ. ಅದರ ಮ್ಯಾಲ ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ಸಣ್ಣಾಗಿದ್ದಾಗಿಂದ ಕೇಳಿರ್ತೀವಿ, ಹೆಣ್ಮಕ್ಕಳಿಗಂತೂ ಇದು ಎರಡು ಪಟ್ಟು.

ಜೋಸೆಫ್ ವೋಲ್ಪೆ ಅಂತ ಒಬ್ರು ಮನೋವೈದ್ಯರು 1958ರಾಗನ ಇದನ್ನ ಬರದಿಟ್ರು, ಮನಸ್ಸಿನ್ಯಾಗ ಇದ್ದಿದ್ದನ್ನ ನೇರ, ಮರ್ಯಾದಿಯಿಂದ ಹೇಳೋದು ಆತಂಕಕ್ಕ ಒಂದು ಚಿಕಿತ್ಸೆ, ಯಾಕಂದ್ರ ಹಂಗ ಹೇಳೋ ಕ್ರಿಯೆ ಆ ಹೊತ್ತಿನ ಅಂಜಿಕಿಯನ್ನ ತಡೀತೈತಿ ಅಂತ. ಧೈರ್ಯ ಬಂದ ಮ್ಯಾಲ ಹೇಳ್ತೀನಿ ಅಂತ ಕುಂತ್ರ ಅದು ಬರಂಗಿಲ್ಲ, ಹೇಳಿ ಹೇಳೇ ಬರೋದು.

ಇಲ್ಲ ಅಂದ್ರ ನಾನು ಪಾಪ ಮಾಡಿದಂಗ ಅನ್ನಸ್ತೈತಿ. ಅಷ್ಟು ಅನ್ನಸ್ತೈತಿ ಅಂದ್ರ ಏನೋ ತಪ್ಪು ಇರಬೇಕಲ್ರಿ?

ಹಂಗೇನಿಲ್ಲ, ಆದ್ರ ಈ ಪ್ರಶ್ನೆನ ತಳ್ಳಿಹಾಕಬ್ಯಾಡ್ರಿ, ಯಾಕಂದ್ರ ಕೆಲವು ಸಲ ತಪ್ಪು ಖರೇನ ಇರ್ತೈತಿ. ಎರಡಕ್ಕೂ ಹೊಟ್ಟಿಯೊಳಗ ಒಂದ ತರ ಅನ್ನಸ್ತೈತಿ, ಅದಕ್ಕ ಅನಿಸಿಕಿ ನೋಡಿ ತೀರ್ಮಾನ ಮಾಡಾಕ ಬರಂಗಿಲ್ಲ. ನಾನು ಮೂರು ಪ್ರಶ್ನೆ ಕೇಳಿಸ್ತೀನಿ. ಒಂದು, ನಾನು ಮದ್ಲ ಮಾತು ಕೊಟ್ಟಿದ್ನಾ? "ಬ್ಯಾಂಕಿಗೆ ಬರ್ತೀನಿ" ಅಂದು, ಅವ್ರು ಅದನ್ನ ನಂಬಿ ಅರ್ಜಿ ಹಾಕಿ, ಆಮ್ಯಾಲ ನೀವು ಕೈ ಎತ್ತಿದ್ರ ಅಲ್ಲಿ ನಿಮ್ಮ ಪಾಲು ಐತಿ, ಆಗ ಕ್ಷಮೆ ಕೇಳಬೇಕು, ಲಗೂನ ತಿಳಿಸಬೇಕು. ಎರಡು, ನನ್ನಿಂದ ಅವರಿಗೆ ಏನರ ನಷ್ಟ ಆತಾ, ಇಲ್ಲ ಸಿಗಬೇಕಾದ ಒಂದು ಅನುಕೂಲ ಸಿಗಲಿಲ್ಲ ಅಷ್ಟನಾ? ಮೂರನೇದ್ದು ಭಾಳ ಕೆಲಸ ಮಾಡ್ತೈತಿ: ಇದ ಪರಿಸ್ಥಿತಿಯಾಗ ನನ್ನ ತಂಗಿ ಇಲ್ಲ ಅಂದಿದ್ರ ನಾನು ಆಕಿನ್ನ ಬೈತಿದ್ನಾ? ಬಂದವರೆಲ್ಲಾ ಈ ಮೂರನೇ ಪ್ರಶ್ನೆಗೆ ಸುಮ್ಮನಾಗ್ತಾರ. ತಂಗಿಗೆ ಒಂದು ನ್ಯಾಯ ತನಗೊಂದು ನ್ಯಾಯ ಇಟ್ಕೊಂಡಿರ್ತಾರ.

ಮೂರಕ್ಕೂ ಉತ್ತರ ನಿಮ್ಮ ಕಡೆ ಬಂದ್ರ, ಆ ಪಾಪಪ್ರಜ್ಞೆ ತಪ್ಪಿನ ಗುರುತಲ್ಲ, ಹಳೇ ರೂಢಿ ಬಿಟ್ಟಿದ್ದಕ್ಕ ಬಂದ ಆತಂಕ. ಅದಕ್ಕ ಪರಿಹಾರ ಬ್ಯಾರೆ, ಕೆಳಗ ಬರ್ತೈತಿ.

"ಬರೀ ಸಹಿ ಅಷ್ಟ, ರೊಕ್ಕ ನಾನ ಕಟ್ತೀನಿ" ಅಂತಾರ. ಬರೀ ಸಹಿಗೂ ಇಲ್ಲ ಅನ್ನೋದು ಜಾಸ್ತಿ ಆತು ಅಲ್ರಿ?

ಅದು ಬರೀ ಸಹಿ ಅಲ್ಲ, ಇದನ್ನ ಖಚಿತ ತಿಳ್ಕೊಳ್ರಿ. 1872ರ ಭಾರತೀಯ ಒಪ್ಪಂದ ಕಾಯ್ದೆ ಕಲಂ 128 ಹೇಳೋ ಪ್ರಕಾರ, ಪತ್ರದಾಗ ಬ್ಯಾರೆ ಏನೂ ಬರೀದೇ ಇದ್ರ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟ. ಮದ್ಲ ಸಾಲ ತಗೊಂಡವನ ಹತ್ರ ಪೂರ್ತಿ ವಸೂಲಿ ಮಾಡಿ ನೋಡಿ, ಆಗದಿದ್ರ ಮಾತ್ರ ನಿಮ್ಮ ಹತ್ರ ಬರಬೇಕು ಅಂತ ಬ್ಯಾಂಕಿಗೆ ಕಡ್ಡಾಯ ಇಲ್ಲ, ನೇರವಾಗಿ ನಿಮ್ಮ ಮ್ಯಾಲೂ ಬರಬಹುದು. ಸಾಲ ತಗೊಂಡವರು ಕಂತು ತಪ್ಪಿಸಿದ್ರ ಅದು ನಿಮ್ಮ ಸಿಬಿಲ್‌ನ್ಯಾಗೂ ಕಾಣಬಹುದು, ನಾಳೆ ನಿಮ್ಮ ಮನಿ ಸಾಲಕ್ಕ ಹೋದಾಗ ಅಡ್ಡ ಬರ್ತೈತಿ. ಕಾನೂನು ಇಲ್ಲಿ ಯಾಕ ತಂದೆ ಅಂದ್ರ, ಪಾಪಪ್ರಜ್ಞೆ ದೊಡ್ಡದಾಗೋದು ಕೇಳಿದ್ದು ಸಣ್ಣದು ಅಂತ ಅನ್ಕೊಂಡಾಗ. ಕೇಳಿದ್ದು ನಾಲ್ಕು ಲಕ್ಷದ ಹೊಣೆ ಅಂತ ಗೊತ್ತಾದ್ರ ಇಲ್ಲ ಅಂದಿದ್ದು ಅಷ್ಟು ದೊಡ್ಡ ಕ್ರೂರತನ ಅನ್ಸಂಗಿಲ್ಲ.

ಹಂಗಂತ ಯಾರಿಗೂ ಯಾವತ್ತೂ ಜಾಮೀನು ಹಾಕಬ್ಯಾಡ್ರಿ ಅಂತ ನಾನು ಹೇಳಾಕತ್ತಿಲ್ಲ. ಪೂರ್ತಿ ಮೊತ್ತ ನಾನ ಕಟ್ಟೋ ಪ್ರಸಂಗ ಬಂದ್ರೂ ನನ್ನ ಮನಿ ನಿಲ್ತೈತಿ, ಸಂಬಂಧನೂ ನಿಲ್ತೈತಿ ಅನ್ಸಿದ್ರ ಹಾಕ್ರಿ.

ಫೋನ್ ಮಾಡಿ ಒಮ್ಮೆಲೆ ಕೇಳಿಬಿಡ್ತಾರ. ಆ ಹೊತ್ತಿನ್ಯಾಗ ತಲಿ ಓಡಂಗಿಲ್ಲ, ಏನನ್ನಬೇಕು?

ಆ ಹೊತ್ತಿನ್ಯಾಗ ಹೂಂ ಅಥವಾ ಇಲ್ಲ ಎರಡೂ ಹೇಳೋ ಅವಶ್ಯಕತೆ ಇಲ್ಲ. ಹೊತ್ತು ತಗೊಳ್ಳೋ ಒಂದು ಮಾತು ಬಾಯಿಪಾಠ ಮಾಡಿ ಇಟ್ಕೊಳ್ರಿ, ಅಂಜಿಕಿ ಏರಿದಾಗ ಹೊಸ ಮಾತು ಹುಟ್ಟಂಗಿಲ್ಲ, ಬಾಯಿಪಾಠ ಆದದ್ದು ಮಾತ್ರ ಹೊರಗ ಬರ್ತೈತಿ.

"ಅಣ್ಣಾರ, ರೊಕ್ಕದ ವಿಷಯಕ್ಕ ನಾನು ನಿಂತ ಕಾಲ ಮ್ಯಾಲ ಹೇಳಂಗಿಲ್ರಿ. ನಾಳೆ ಸಂಜಿಕ ನಾನ ಫೋನ್ ಮಾಡಿ ಹೇಳ್ತೀನಿ."

ಇದರಾಗ ಎರಡು ಅಂಶ ಕಡ್ಡಾಯ ಇರಬೇಕು. ಯಾವಾಗ ಹೇಳ್ತೀನಿ ಅನ್ನೋದು, ಮತ್ತ ನಾನ ಫೋನ್ ಮಾಡ್ತೀನಿ ಅನ್ನೋದು. ಬರೀ "ನೋಡೋಣ ಬಿಡ್ರಿ" ಅಂದ್ರ ನಮ್ಮ ಕಡೆ ಅದನ್ನ ಮುಕ್ಕಾಲು ಮಂದಿ ಹೂಂ ಅಂತನ ತಗೊಂತಾರ, ಅರ್ಜಿ ತುಂಬಸ್ತಾರ, ನಿಮ್ಮ ಫೋಟೋ ಆಧಾರ್ ಕೇಳ್ತಾರ, ಆಮ್ಯಾಲ ಇಲ್ಲ ಅನ್ನೋದು ಹತ್ತು ಪಟ್ಟು ಕಷ್ಟ, ಮತ್ತ ಆಗ ತಪ್ಪು ಸ್ವಲ್ಪ ಖರೇನ ನಿಮ್ಮದಾಗ್ತೈತಿ. ಹೇಳಿದ ಹೊತ್ತಿಗೆ ಫೋನ್ ಮಾಡೋದನ್ನೂ ತಪ್ಪಿಸಬ್ಯಾಡ್ರಿ. ಅವರ ಫೋನ್ ಎತ್ತದೇ ಇರೋದು, ನಂಬರ್ ಬಿಜಿ ಇಡೋದು, ಇದು ಇಲ್ಲ ಅಂದಂಗಲ್ಲ, ಎರಡು ವಾರ ಇಬ್ಬರೂ ಒದ್ದಾಡೋದು ಅಷ್ಟ.

ಆತ್ರಿ, ನಾಳೆ ಸಂಜಿ ಬಂತು. ಖರೇ ಇಲ್ಲ ಅನ್ನೋ ಮಾತು ಹೆಂಗಿರಬೇಕು? ಒಂದು ಉದಾಹರಣೆ ಕೊಡ್ರಿ.

ಗುರುತು ಸಿಗಬಾರದು ಅಂತ ಇಬ್ಬರು ಮೂವರ ಅನುಭವ ಕೂಡಿಸಿ ಹೇಳ್ತೀನಿ. ಕೊಪ್ಪಳ ಕಡೆ ಒಬ್ಬಾಕಿ ಸ್ಟಾಫ್ ನರ್ಸ್. ಗಂಡನ ಅಣ್ಣ ಕಾರಟಗಿ ಕಡೆ ಭತ್ತ ಬೆಳಿತಾರ, ಹಳೇ ಟ್ರ್ಯಾಕ್ಟರ್ ತಗೊಳ್ಳಾಕ ಒಂದು ಸೊಸೈಟ್ಯಾಗ ನಾಲ್ಕು ಲಕ್ಷ ಸಾಲ, ಸರ್ಕಾರಿ ನೌಕರರ ಜಾಮೀನು ಬೇಕು. ಭಾವ ಡ್ಯೂಟಿ ಹೊತ್ತಿನ್ಯಾಗ ಫೋನ್ ಮಾಡಿ ಕೇಳಿದ್ರು. ಈಕಿ ಹಿಂದಿನ ವರ್ಷ ಇನ್ನೊಬ್ಬರಿಗೆ ಸಹಿ ಹಾಕಿ ನೋಟಿಸ್ ತಿಂದಾಕಿ, ಆದ್ರೂ ಬಾಯಿಗೆ ಇಲ್ಲ ಬರಲಿಲ್ಲ. ಹೆಂಗೋ ಹೊತ್ತು ತಗೊಳ್ಳೋ ಮಾತು ಅಂದ್ಲು.

ಆ ರಾತ್ರಿ ಮದ್ಲ ಮಾಡಿದ ಕೆಲಸ ಗಂಡನ ಜೊತಿ ಮಾತಾಡಿದ್ದು. ಇದನ್ನ ಬಿಟ್ರ ಉಳಿದಿದ್ದೆಲ್ಲಾ ಕೆಡ್ತೈತಿ, ಯಾಕಂದ್ರ ಆಕಿ ಇಲ್ಲ ಅಂದ ಮರುದಿನ ಭಾವ ತಮ್ಮಗ ಫೋನ್ ಮಾಡೇ ಮಾಡ್ತಾರ, ಆಗ ತಮ್ಮ "ನಾನು ಆಕಿಗೆ ಹೇಳ್ತೀನಿ ಬಿಡು" ಅಂದ್ರ ಆಕಿ ಕೆಟ್ಟಾಕಿ ಆಗ್ತಾಳ. ಇಬ್ಬರೂ ಒಂದ ಮಾತು ಅಂತ ತೀರ್ಮಾನ ಮಾಡ್ಕೊಂಡ್ರು. ಎರಡನೇದ್ದು, ಹೇಳೋ ಮಾತನ್ನ ಕಾಗದದ ಮ್ಯಾಲ ಬರದ್ಲು. ಮದ್ಲ ಬರದಿದ್ದು ಅರ್ಧ ಪುಟ ಇತ್ತು, ಮಕ್ಕಳ ಫೀ, ಅಮ್ಮನ ಆಪರೇಷನ್, ಎಲ್ಲಾ. ಹೊಡದು ಹೊಡದು ಕೊನಿಗೆ ಉಳಿದಿದ್ದು ಇಷ್ಟು:

"ಭಾವಾರ, ನಿನ್ನೆ ನೀವು ಕೇಳಿದ್ರಲ್ರಿ, ಅದಕ್ಕ ಫೋನ್ ಮಾಡೀನಿ. ನೀವು ಟ್ರ್ಯಾಕ್ಟರ್ ಇಲ್ದ ಎಷ್ಟು ಕಷ್ಟ ಪಡಾಕತ್ತೀರಿ ಅಂತ ನಮಗ ಗೊತ್ತೈತ್ರಿ. ಆದ್ರ ನಾವು ಇನ್ಮ್ಯಾಲ ಯಾರಿಗೂ ಜಾಮೀನು ಹಾಕಬಾರದು ಅಂತ ಇಬ್ಬರೂ ತೀರ್ಮಾನ ಮಾಡೀವ್ರಿ, ಹಂಗಾಗಿ ಸಹಿ ನನ್ನಿಂದ ಆಗಂಗಿಲ್ರಿ. ಲಗೂನ ಹೇಳಿದ್ರ ನೀವು ಬ್ಯಾರೆ ದಾರಿ ನೋಡ್ಕೊಳ್ಳಾಕ ಬರ್ತೈತಿ ಅಂತ ಹೇಳಾಕತ್ತೀನಿ."

ಗಮನಿಸ್ರಿ ಇದರಾಗ ಏನೇನು ಐತಿ. ಕೇಳಿದ್ದನ್ನ ನೆನಪಿಟ್ಟು ತಾನ ಫೋನ್ ಮಾಡ್ಯಾಳ, ಅದು ಮರ್ಯಾದಿ. ಅವರ ಕಷ್ಟ ಒಪ್ಪಿದ್ಲು, ಸುಳ್ಳು ಅಂದಿಲ್ಲ. "ಯಾರಿಗೂ" ಅನ್ನೋ ಶಬ್ದ ಭಾಳ ಮುಖ್ಯ, ನಿಮ್ಮ ಮ್ಯಾಲ ನಂಬಿಕಿ ಇಲ್ಲ ಅನ್ನೋ ಅರ್ಥ ಅಲ್ಲಿಂದ ಹೋಗ್ತೈತಿ, ಆದ್ರ ಅದು ಖರೇ ಇರಬೇಕು, ಮುಂದಿನ ತಿಂಗಳ ತೌರಿನವರಿಗೆ ಸಹಿ ಹಾಕಿದ್ರ ಆ ಮಾತಿಗೆ ಬೆಲೆ ಉಳಿಯಂಗಿಲ್ಲ. ಇಲ್ಲ ಅನ್ನೋದು ಒಂದ ಸಲ, ಸ್ಪಷ್ಟ. ಕೊನಿಗೆ ಕ್ಷಮಿಸ್ರಿ ತಪ್ಪು ತಿಳ್ಕೋಬ್ಯಾಡ್ರಿ ಅಂತ ನಾಲ್ಕು ಸಲ ಬೇಡ್ಕೊಂಡಿಲ್ಲ. ಕ್ಷಮೆ ಒಂದ್ಸಲ ಕೇಳಿದ್ರ ನಡೀತೈತಿ, ಮತ್ತ ಮತ್ತ ಕೇಳಿದ್ರ ನಾನು ತಪ್ಪು ಮಾಡಾಕತ್ತೀನಿ ಅಂತ ನಿಮ್ಮ ಕಿವಿಗೆ ನೀವ ಹೇಳಿದಂಗ.

ಅದನ್ನ ಕನ್ನಡಿ ಮುಂದ ಅಲ್ಲ, ಗಂಡನ ಮುಂದ ಜೋರಾಗಿ ಐದಾರು ಸಲ ಹೇಳಿ ನೋಡಿದ್ಲು, ಗಂಡ ಭಾವನ ಪಾತ್ರ ಮಾಡಿದ್ರು. ಮದ್ಲನೇ ಸಲ ದನಿ ನಡುಗಿತು. ಆರನೇ ಸಲ ನಡುಗಲಿಲ್ಲ. ಈ ತಯಾರಿ ಮಾಡದೇ ಹೋದವ್ರು ಫೋನಿನ್ಯಾಗ ಮೂರನೇ ವಾಕ್ಯಕ್ಕ ಹೂಂ ಅಂದು ಬರ್ತಾರ, ನಾನು ಭಾಳ ಸಲ ನೋಡೀನಿ.

ಕಾರಣ ಹೇಳದೇ ಇದ್ರ ಸೊಕ್ಕು ಅನ್ಸಂಗಿಲ್ಲೇನು?

ಒಂದು ಕಾರಣ ಹೇಳ್ರಿ, ಖರೇ ಇದ್ದಿದ್ದು. ನಾಲ್ಕು ಹೇಳಿದ್ರ ಒಂದೊಂದಕ್ಕೂ ಅವ್ರು ಪರಿಹಾರ ತರ್ತಾರ. "ಈ ತಿಂಗಳ ಪಗಾರ ಆಗಿಲ್ರಿ" ಅಂದ್ರ "ಆದ ಮ್ಯಾಲ ಬರ್ತೀನಿ" ಅಂತಾರ. "ಸ್ಲಿಪ್ ಆಫೀಸ್‌ನ್ಯಾಗ ಐತ್ರಿ" ಅಂದ್ರ ಹುಡುಗನ್ನ ಕಳಸ್ತಾರ. ಸುಳ್ಳು ಕಾರಣಕ್ಕ ಇನ್ನೊಂದು ತೊಂದ್ರಿ, ಅದು ಎಂದು ಹೊರಗ ಬೀಳ್ತೈತೋ ಅನ್ನೋ ಹೊಸ ಅಂಜಿಕಿ ಶುರುವಾಗ್ತೈತಿ.

ನಾನು ಹಂಗ ಹೇಳಿದ್ರ ಅವ್ರು ಬಿಡಂಗಿಲ್ರಿ. ಸಿಟ್ಟಾಗ್ತಾರ, ಹಳೇದೆಲ್ಲಾ ತಗೀತಾರ.

ತಗೀತಾರ, ಅದು ನಿಜ. ಯಾವಾಗ್ಲೂ ಹೂಂ ಅಂತಿದ್ದವರು ಇಲ್ಲ ಅಂದ ಮದ್ಲನೇ ಸಲ ಎದುರಿನವರು ಜೋರು ಮಾಡೋದು ಸಹಜ, ಮದ್ಲ ಜೋರು ಮಾಡಿದಾಗ ಕೆಲಸ ಆಗೈತಲ್ಲ. ಅದನ್ನ ನೋಡಿ "ನಾನು ಹೇಳಿದ್ದ ತಪ್ಪಾತು" ಅಂತ ತಿರುಗಬ್ಯಾಡ್ರಿ. ಇಲ್ಲಿ ತಿರುಗಿದ್ರ ಅವ್ರು ಕಲಿಯೋದು ಒಂದ, ಎರಡು ಸಲ ಜೋರು ಮಾಡಿದ್ರ ಈಕಿ ಒಪ್ತಾಳ ಅಂತ.

ಮೇಲಿನ ಕೇಸಿನ್ಯಾಗ ಭಾವ ಅಂದಿದ್ದು ಹಿಂಗಿತ್ತು, ಆಕಿ ಉತ್ತರಾನೂ ಜೊತಿಗೆ ಬರೀತೀನಿ.

"ಏನ್ ತಂಗಿ, ನಿನ್ನ ಮದಿವ್ಯಾಗ ನಾನು ಎಷ್ಟು ಓಡಾಡೀನಿ ನೆನಪೈತೇನು?"
"ನೆನಪೈತ್ರಿ ಭಾವಾರ, ಅದನ್ನ ಮರಿಯಂಗಿಲ್ರಿ. ಜಾಮೀನು ಮಾತ್ರ ಆಗಂಗಿಲ್ರಿ."

"ಅಂದ್ರ ನನ್ನ ಮ್ಯಾಲ ನಂಬಿಕಿ ಇಲ್ಲ ಅಂದಂಗಾತು."
"ನಿಮಗ ಬ್ಯಾಸರ ಆಗೈತಿ, ಗೊತ್ತಾಗ್ತೈತ್ರಿ. ನಂಬಿಕಿ ವಿಷಯ ಅಲ್ರಿ ಇದು. ಜಾಮೀನು ನಾವು ಹಾಕಂಗಿಲ್ರಿ."

"ಊರಾಗ ಮಂದಿ ಏನಂತಾರ, ಮನ್ಯಾಗ ನೌಕರಿ ಇದ್ದವ್ರು ಇದ್ದು..."
"ಅನ್ನಬಹುದ್ರಿ. ಆದ್ರೂ ನಮ್ಮ ತೀರ್ಮಾನ ಅದ ಐತ್ರಿ."

ಪ್ರತಿ ಸಲ ಮದ್ಲ ಅವರ ಮಾತಿನ್ಯಾಗ ಖರೇ ಇದ್ದಷ್ಟು ಒಪ್ಪಿದ್ಲು, ಆಮ್ಯಾಲ ಅದ ಮಾತು ಅದ ದನಿಯೊಳಗ ತಿರುಗಿ ಹೇಳಿದ್ಲು. ಹೊಸ ಕಾರಣ ಕೊಡಲಿಲ್ಲ, ದನಿ ಏರಸಲಿಲ್ಲ. ಮೂರು ಸಲ ಹೇಳಿದ ಮ್ಯಾಲೂ ನಿಲ್ಲಲಿಲ್ಲ ಅಂದ್ರ ಮಾತು ಮುಗಸೋ ಹಕ್ಕು ನಿಮಗೈತಿ: "ಭಾವಾರ, ನಾನು ಹೇಳೋದು ಹೇಳೀನಿ, ಈಗ ಇಡ್ತೀನ್ರಿ, ಐತವಾರ ಅತ್ತಿಯವರ್ನ ನೋಡಾಕ ಬರ್ತೀವಿ." ಐತವಾರ ಹೋಗ್ರಿ ಮತ್ತ. ಇಲ್ಲ ಅಂದಿದ್ದು ಸಹಿಗೆ, ಮನಿತನಕ್ಕಲ್ಲ ಅಂತ ಅವರಿಗೆ ತಿಳಿಯೋದು ನೀವು ಮದ್ಲಿನಂಗ ಹೋಗಿ ಕುಂತು ಚಾ ಕುಡದಾಗ.

ಹೇಳಿದ ಮ್ಯಾಲ ರಾತ್ರಿಯೆಲ್ಲಾ ಹೊರಳಾಡ್ತೀನಿ. ಆ ಸಂಕಟಕ್ಕ ಏನು ಮಾಡಬೇಕು?

ನನ್ನ ಹತ್ರ ಬರೋರಿಗೆ ನಾನು ಭಾಳ ಹೊತ್ತು ಕೊಡೋದು ಇದಕ್ಕ, ಯಾಕಂದ್ರ ಇಲ್ಲ ಅನ್ನೋದು ಎರಡು ನಿಮಿಷದ ಕೆಲಸ, ಸೋಲೋದು ಆಮ್ಯಾಲಿನ ಎರಡು ದಿನದಾಗ. ರಾತ್ರಿ ಹತ್ತಕ್ಕ ಸಂಕಟ ತಡಿಲಾರದ "ಭಾವಾರ, ಇನ್ನೊಂದ್ಸಲ ವಿಚಾರ ಮಾಡ್ತೀವಿ" ಅಂತ ವಾಟ್ಸಾಪ್ ಹಾಕ್ತಾರ, ಮುಗೀತು. ಇನ್ನ ಕೆಲವರು ಸಹಿ ಹಾಕಲಿಲ್ಲ ಅಂತ ಮರುದಿನ ಇಪ್ಪತ್ತು ಸಾವಿರ ಫೋನ್ ಪೇ ಮಾಡ್ತಾರ, ಕೇಳದಿದ್ರೂ. ಅಥವಾ ನಾಲ್ಕು ಮಂದಿಗೆ ಫೋನ್ ಮಾಡಿ "ನಾನು ಮಾಡಿದ್ದು ಸರಿನಾ" ಅಂತ ಕೇಳ್ಕೊಂತ ಕೂಡ್ತಾರ. ಈ ಮೂರೂ ಸಂಕಟವನ್ನ ತಕ್ಷಣ ಇಳಸ್ತಾವ, ಅದಕ್ಕ ಮತ್ತ ಹಳೇ ಪಾಠನ ಗಟ್ಟಿ ಆಗ್ತೈತಿ.

ಪಾಪಪ್ರಜ್ಞೆಯ ಈ ಆತಂಕ ಮಿರ್ಚಿ ಕಚ್ಚಿದ ಬಾಯಿ ಉರಿ ಇದ್ದಂಗ, ಏನೂ ಮಾಡದೇ ಬಿಟ್ರೂ ತಾನ ಇಳೀತೈತಿ. ಇಳಿಯೋದನ್ನ ಕಣ್ಣಾರೆ ನೋಡಬೇಕು, ಅದಕ್ಕ ಅಳತಿ ಹಚ್ರಿ. ವೋಲ್ಪೆ ಅವರದ ಪದ್ಧತಿ, ಸೊನ್ನೆಯಿಂದ ನೂರರ ತನಕ ಅಂಕಿ ಕೊಡೋದು, ಸೊನ್ನೆ ಅಂದ್ರ ಪೂರಾ ಆರಾಮ, ನೂರು ಅಂದ್ರ ತಡಿಯಾಕ ಆಗದಷ್ಟು. ಆ ನರ್ಸ್ ಬಾಯಿ ಕ್ಯಾಲೆಂಡರ್ ಹಿಂದ ಬರದಿದ್ದು ಹಿಂಗಿತ್ತು: ಫೋನ್ ಇಟ್ಟ ಕೂಡ್ಲೆ 85, ರಾತ್ರಿ ಮಲಗಾಕ ಹೋದಾಗ 90, ಮುಂಜಾನೆ ಡ್ಯೂಟಿಗೆ ಹೋಗುವಾಗ 60, ಎರಡನೇ ದಿನ ಸಂಜಿಕ ನೆಗೆಣ್ಣಿ ಫೋನ್ ಬಂದಾಗ ಮತ್ತ 75, ಮೂರನೇ ದಿನ 35. ಮಧ್ಯ ಏರಿದ್ದು ನೋಡಿ ಅಂಜಬ್ಯಾಡ್ರಿ, ನೇರ ಇಳಿಯೋದು ಕಡಿಮಿ. ನಿಮ್ಮ ಅಂಕಿ ಬ್ಯಾರೆ ಇರ್ತಾವ, ನೋಡಬೇಕಾದ್ದು ನೀವು ಏನೂ ರಿಪೇರಿ ಮಾಡದೇ ಅದು ಇಳಿತಾ ಅನ್ನೋದು.

ಅದರ ಪಕ್ಕಕ್ಕ ಇನ್ನೊಂದು ಬರೀರಿ, ಹೇಳೋಕ ಮುಂಚೇನ: ಏನಾಗ್ತೈತಿ ಅಂತ ಅಂಜೀರಿ? ಆಕಿ ಬರದಿದ್ದು "ಭಾವ ಮಾತು ಬಿಡ್ತಾರ, ಅತ್ತಿ ಅಳ್ತಾರ." ತಿಂಗಳ ಆದ ಮ್ಯಾಲ ತಗದು ನೋಡಿದ್ರ, ಭಾವ ಎರಡು ವಾರ ಮಾತು ಕಡಿಮಿ ಮಾಡಿದ್ರು, ಆಮ್ಯಾಲ ಮಗನ ಜ್ವರಕ್ಕ ಇಂಜೆಕ್ಷನ್ ಕೇಳಾಕ ಈಕಿಗೇನ ಫೋನ್ ಮಾಡಿದ್ರು. ಅತ್ತಿ ಅಳಲಿಲ್ಲ, ಎರಡು ಮಾತು ಬೈದ್ರು. ಅಂದ್ರ ನಷ್ಟ ಸೊನ್ನೆ ಇರಲಿಲ್ಲ, ಅಂಜಿದಷ್ಟು ಇರಲಿಲ್ಲ. ಇದನ್ನ ಕೈಯಾರೆ ಬರದು ಹೋಲಿಸಿದಾಗ ಮುಂದಿನ ಸಲದ ಅಂಜಿಕಿ ಇಳಿಯೋದು, ಬರೀ ಸಮಾಧಾನದ ಮಾತಿಗೆ ಇಳಿಯಂಗಿಲ್ಲ.

ಆ ಹೊತ್ತಿನ್ಯಾಗ ನಿಮಗ ನೀವು ಹೇಳ್ಕೊಳ್ಳಾಕ ಒಂದು ಮಾತು ಬೇಕಂದ್ರ ಇದನ್ನ ಇಟ್ಕೊಳ್ರಿ: "ಅವರಿಗೆ ಬ್ಯಾಸರ ಆಗೈತಿ, ನನಗೂ ಸಂಕಟ ಆಗೈತಿ, ಆದ್ರ ನಾನು ಯಾರಿಗೂ ಮೋಸ ಮಾಡಿಲ್ಲ. ಇವತ್ತು ಇದನ್ನ ಸರಿ ಮಾಡಾಕ ಹೋಗಂಗಿಲ್ಲ."

ನನಗ ಭಾವನ ಮುಂದ ಒಮ್ಮೆಲೆ ಇದು ಸಾಧ್ಯನ ಇಲ್ರಿ. ಸಣ್ಣದರಿಂದ ಶುರು ಮಾಡಬಹುದಾ?

ಹಂಗ ಮಾಡ್ರಿ, ಅದ ಸರಿ ದಾರಿ. ಇಲ್ಲ ಅನ್ನಬೇಕಾದ ಪ್ರಸಂಗಗಳನ್ನ ಅದ ನೂರರ ಅಳತ್ಯಾಗ ಹಾಕಿ, 25-30ರ ಹತ್ರ ಇರೋದನ್ನ ಮದ್ಲ ಹಿಡೀರಿ. ಬಳ್ಳಾರಿ ಬೆಂಗಳೂರು ರಸ್ತೆ ಅಂಗಡ್ಯಾಗ ಹತ್ತು ಸೀರಿ ಬಿಚ್ಚಿ ತೋರಿಸಿದ ಮ್ಯಾಲ "ಚಲೋ ಅದಾವ್ರಿ, ಇವತ್ತು ತಗೊಳ್ಳಂಗಿಲ್ಲ" ಅಂತ ಹೊರಗ ಬರೋದು ಕೆಲವರಿಗೆ 30. ಜವಾರಿ ಊಟಕ್ಕ ಕರದ ಮನ್ಯಾಗ ಮೂರನೇ ಹೋಳಿಗಿ ಬಂದಾಗ ಎಲಿ ಮ್ಯಾಲ ಕೈ ಅಡ್ಡ ಇಟ್ಟು "ಸಾಕ್ರಿ ಅಕ್ಕಾರ, ಭಾಳ ರುಚಿ ಇತ್ತು, ಇನ್ನ ಹಿಡಿಯಂಗಿಲ್ಲ" ಅನ್ನೋದು 35. ಸಹೋದ್ಯೋಗಿ ನೈಟ್ ಡ್ಯೂಟಿ ಬದ್ಲಿ ಕೇಳಿದಾಗ "ಈ ವಾರ ಆಗಂಗಿಲ್ರಿ, ಮುಂದಿನ ಬುಧವಾರ ಬೇಕಾದ್ರ ಮಾಡ್ತೀನಿ" ಅನ್ನೋದು 50. ಓಣ್ಯಾಗ ಚೀಟಿಗೆ ಸೇರು ಅಂತ ಬಂದಾಗ "ನಾನು ಚೀಟಿ ಹಾಕಂಗಿಲ್ರಿ ಅಕ್ಕಾರ" 60. ಒಂದು ಮೆಟ್ಟಲನ್ನ ಅದರ ಅಂಕಿ ಅರ್ಧಕ್ಕ ಇಳಿಯೋ ತನಕ ಮತ್ತ ಮತ್ತ ಮಾಡಿ ಆಮ್ಯಾಲ ಮುಂದಿಂದು. ಜಾಮೀನು ಕೇಳೋರು ನಿಮ್ಮ ತಯಾರಿ ಮುಗಿಯೋ ತನಕ ಕಾಯಂಗಿಲ್ಲ, ಅದು ಗೊತ್ತೈತಿ, ಮಧ್ಯದಾಗ ಬಂದ್ರ ಹೊತ್ತು ತಗೊಳ್ಳೋ ಮಾತು ಅಂದು ಮೇಲಿನಂಗ ಬರದು ತಯಾರಾಗ್ರಿ.

ಮಾಸ್ತರು, ಸಾಹೇಬ್ರು ಕೇಳಿದ್ರ? ಅವರ ಕೈಯಾಗ ನನ್ನ ಕೆಲಸ ಐತಿ.

ಅಲ್ಲಿ ಲೆಕ್ಕ ಬ್ಯಾರೆ, ಅಂಜಿಕಿ ಪೂರಾ ಸುಳ್ಳಲ್ಲ. ಪೂರ್ತಿ ಇಲ್ಲ ಅನ್ನೋ ಬದ್ಲಿ ಆರಿಸೋ ಕೆಲಸ ಅವರಿಗೆ ಬಿಡ್ರಿ: "ಸರ್, ಇದು ಮಾಡಿದ್ರ ನಿನ್ನೆ ಕೊಟ್ಟ ರಿಪೋರ್ಟ್ ಇವತ್ತು ಮುಗಿಯಂಗಿಲ್ಲ, ಯಾವುದು ಮದ್ಲ ಬೇಕು ಹೇಳ್ರಿ." ಆದ್ರ ಸಾಹೇಬ್ರ ಸ್ವಂತ ಸಾಲದ ಜಾಮೀನು ಆಫೀಸ್ ಕೆಲಸ ಅಲ್ಲ, ಅದಕ್ಕ ಮನಿಯವರಿಗೆ ಹೇಳಿದ ಮಾತ ಹೇಳ್ರಿ.

ನಾನು ಈಗಾಗ್ಲೆ ಸಹಿ ಹಾಕಿಬಿಟ್ಟೀನಿ. ಈಗ ವಾಪಸ್ ತಗೋಬಹುದಾ?

ಕೊಟ್ಟು ಮುಗಿದ ಸಾಲಕ್ಕ ನಿಮ್ಮಷ್ಟಕ್ಕ ನೀವು ಹಿಂದ ಸರಿಯಾಕ ಬರಂಗಿಲ್ಲ, ಬ್ಯಾಂಕ್ ಒಪ್ಪಬೇಕು, ಸಾಮಾನ್ಯವಾಗಿ ಬ್ಯಾರೆ ಜಾಮೀನುದಾರ ಕೇಳ್ತಾರ. ವ್ಯಾಪಾರದ ಓವರ್‌ಡ್ರಾಫ್ಟ್ ತರ ಮತ್ತ ಮತ್ತ ತಗೊಳ್ಳೋ ಸಾಲದ ಮುಂದುವರಿಯೋ ಜಾಮೀನಾಗಿದ್ರ, ಕಲಂ 130ರ ಪ್ರಕಾರ ಮುಂದಿನ ವ್ಯವಹಾರಕ್ಕ ನನ್ನ ಹೊಣೆ ಇಲ್ಲ ಅಂತ ಸಾಲ ಕೊಟ್ಟವರಿಗೆ ನೋಟಿಸ್ ಕೊಡಬಹುದು, ಹಿಂದಿನದಕ್ಕ ಹೊಣೆ ಉಳೀತೈತಿ. ಪತ್ರ ಹಿಡ್ಕೊಂಡು ವಕೀಲರ ಹತ್ರ ಒಮ್ಮೆ ಹೋಗ್ರಿ. ಮನ್ಯಾಗ ಅನ್ನಬೇಕಾದ್ದು ಇಷ್ಟು: "ಅಣ್ಣಾರ, ಕಂತು ಕಟ್ಟಿದ ರಸೀದಿ ಫೋಟೋ ಪ್ರತಿ ತಿಂಗಳ ನನಗ ಕಳಸ್ರಿ, ಹೊಣೆ ನನ್ನ ಮ್ಯಾಲೂ ಐತಿ." ಇದನ್ನ ಕೇಳಾಕ ನಾಚ್ಕೋಬ್ಯಾಡ್ರಿ, ಮೂರು ಕಂತು ತಪ್ಪಿದ ಮ್ಯಾಲ ನೋಟಿಸ್ ಬಂದು ಗೊತ್ತಾಗೋದಕ್ಕಿಂತ ಇದು ಸಂಬಂಧಕ್ಕೂ ಚಲೋ.

ಈ ಮಾತು ಯಾರಿಗೆ ಕೆಲಸ ಮಾಡಂಗಿಲ್ಲ? ಡಾಕ್ಟರ್ ಹತ್ರ ಯಾವಾಗ ಹೋಗಬೇಕು?

ಇಲ್ಲ ಅಂದ್ರ ಹೊಡಿತಾರ, ಮನಿಯಿಂದ ಹೊರಗ ಹಾಕ್ತಾರ ಅನ್ನೋ ಮನ್ಯಾಗ ಈ ವಾಕ್ಯಗಳನ್ನ ಪ್ರಯೋಗ ಮಾಡಬ್ಯಾಡ್ರಿ. ಅಲ್ಲಿ ಹೂಂ ಅನ್ನೋದು ರೂಢಿ ಅಲ್ಲ, ಜೀವ ಉಳಸ್ಕೊಳ್ಳೋ ದಾರಿ. ಮದ್ಲ ಸುರಕ್ಷಿತ ಆಗಬೇಕು, ಮಹಿಳಾ ಸಹಾಯವಾಣಿ 181, ತುರ್ತು ಇದ್ರ 112.

ಇನ್ನ, ಪಾಪಪ್ರಜ್ಞೆ ಒಂದು ಪ್ರಸಂಗಕ್ಕ ಅಂಟ್ಕೊಂಡಿರದೇ ದಿನಪೂರ್ತಿ ಎಲ್ಲಾದಕ್ಕೂ ಇದ್ರ, ಎರಡು ವಾರದ ಮ್ಯಾಲ ನಿದ್ದಿ ಊಟ ಕೆಟ್ಟಿದ್ರ, ಯಾವುದ್ರಾಗೂ ಮನಸ್ಸು ಹತ್ತದಿದ್ರ, ನಾನು ಇದ್ದು ಏನು ಉಪಯೋಗ ಅನ್ನೋ ವಿಚಾರ ಬಂದ್ರ, ಅದು ಇಲ್ಲ ಅನ್ನಾಕ ಬರದ ಸಮಸ್ಯೆ ಅಷ್ಟ ಅಲ್ಲ, ಖಿನ್ನತೆ ಇರಬಹುದು, ಮಾತಿನ ಅಭ್ಯಾಸಕ್ಕಿಂತ ಮದ್ಲ ಚಿಕಿತ್ಸೆ ಬೇಕು. ಟೆಲಿ ಮಾನಸ್ 14416ಕ್ಕ ಯಾವ ಹೊತ್ತಿನ್ಯಾಗಾದ್ರೂ ಫೋನ್ ಮಾಡಬಹುದು, ಕನ್ನಡದಾಗ ಮಾತಾಡ್ತಾರ, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರ್ಯಾಗ ಮನೋರೋಗ ವಿಭಾಗ ಐತಿ, ಅಲ್ಲಿಗೆ ಹೋದ್ರ ಹುಚ್ಚು ಅಂತಾರ ಅಂತ ಹಿಂಜರಿಯೋರಿಗೆ ನಾನು ಒಂದು ವಿಷಯ ಹೇಳ್ತೀನಿ: ದೇಶದಾಗ ಇವತ್ತು ನಡಿಯೋ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕ ಮಾದರಿ ಹಾಕಿದ್ದು ನಮ್ಮ ಬಳ್ಳಾರಿ ಜಿಲ್ಲೆನ, 1980ರ ದಶಕದಾಗ ನಿಮ್ಹಾನ್ಸ್‌ನವ್ರು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿದ ಕೆಲಸ ಅದು, 1996ರಾಗ ಬ್ಯಾರೆ ರಾಜ್ಯಗಳಿಗೂ ಹೋತು. ಹೋಗುವಾಗ ನಿಮ್ಮ ಅಂಕಿ ಬರದ ಹಾಳಿ ಇದ್ರ ಜೊತಿಗೆ ಒಯ್ರಿ, ಎಂದಿನಿಂದ, ಯಾವ ಪ್ರಸಂಗಕ್ಕ ಎಷ್ಟು ಏರ್ತೈತಿ ಅಂತ ಡಾಕ್ಟರಿಗೆ ಬಾಯಿಲೆ ಹೇಳೋದಕ್ಕಿಂತ ಅದರಿಂದ ಲಗೂನ ತಿಳೀತೈತಿ.